ಪಾಸ್‌ವರ್ಡ್ ಸೂತ್ರ: ಸ್ಟೇಟ್‌ಮೆಂಟ್ ಪಿಡಿಎಫ್ ಕೇಳುವುದು ಏನನ್ನು?

ಖಾತೆಯ ಸ್ಟೇಟ್‌ಮೆಂಟ್ ಇಮೇಲ್‌ಗೆ ಬಂದಿದೆ, ತೆರೆಯಲು ಹೋದರೆ ಪಾಸ್‌ವರ್ಡ್ ಕೇಳುತ್ತಿದೆ. ಲಾಗಿನ್ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ಫೈಲ್ ಕಳಿಸಿದವರು ತಮ್ಮ ದಾಖಲೆಯಲ್ಲಿರುವ ನಿಮ್ಮ ವಿವರಗಳನ್ನೇ ಒಂದು ನಿಯಮದ ಪ್ರಕಾರ ಜೋಡಿಸಿ ಬೇರೊಂದು ಪಾಸ್‌ವರ್ಡ್ ಮಾಡಿರುತ್ತಾರೆ. ಆ ನಿಯಮವೇ ಪಾಸ್‌ವರ್ಡ್ ಸೂತ್ರ. ಇಮೇಲ್‌ನಲ್ಲಿ ಸೂತ್ರವನ್ನಷ್ಟೇ ಬರೆದಿರುತ್ತಾರೆ. ಅದರೊಳಗೆ ವಿವರ ತುಂಬುವ ಕೆಲಸ ನಮ್ಮದು.

ಒಂದು ಉದಾಹರಣೆ ನೋಡೋಣ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಎಲ್ಲವೂ ಸಣ್ಣಕ್ಷರ, ಆಮೇಲೆ ಹುಟ್ಟಿದ ದಿನ ಮತ್ತು ತಿಂಗಳು DDMM ರೂಪದಲ್ಲಿ. ಸುಮಾ ಎಂಬವರು ಹುಟ್ಟಿದ್ದು 1984ರ ಮಾರ್ಚ್ 7ರಂದು ಎಂದುಕೊಳ್ಳಿ. ಅವರ ಪಾಸ್‌ವರ್ಡ್ `suma0703`. DDMM ಎಂದರೆ ದಿನಕ್ಕೆ ಎರಡು ಅಂಕಿ, ತಿಂಗಳಿಗೆ ಎರಡು ಅಂಕಿ. ಹಾಗಾಗಿ `suma73` ಆಗುವುದಿಲ್ಲ. ತಿಂಗಳನ್ನು ಮುಂದಿಟ್ಟು `suma0307` ಎಂದರೂ ಆಗುವುದಿಲ್ಲ. `Suma0703` ಕೂಡ ತಪ್ಪೇ, ಏಕೆಂದರೆ ದೊಡ್ಡ S ಬೇರೆ, ಸಣ್ಣ s ಬೇರೆ. ಮೊಬೈಲ್ ಕೀಬೋರ್ಡ್ ಒಮ್ಮೊಮ್ಮೆ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿಬಿಡುತ್ತದೆ. ಟೈಪ್ ಮಾಡುವಾಗ ಕಣ್ಣಿನ ಗುರುತು ಒತ್ತಿ ಅಕ್ಷರಗಳನ್ನು ನೋಡಿಕೊಳ್ಳಿ, ಕೊನೆಯಲ್ಲಿ ಖಾಲಿ ಜಾಗ ಸೇರಿದೆಯಾ ಅಂತಲೂ ಗಮನಿಸಿ.

ಜಾಸ್ತಿ ಎಡವುವುದು ಹೆಸರಿನಲ್ಲಿ. ನಾವು ಬರೆಯುವ ಹೆಸರು ಮುಖ್ಯವಲ್ಲ, ಅವರ ದಾಖಲೆಯಲ್ಲಿ ಇರುವ ಹೆಸರು ಮುಖ್ಯ. ಅಲ್ಲಿ K R Suma ಎಂದು ಇನಿಷಿಯಲ್ ಮುಂದಿದ್ದರೆ ಮೊದಲ ನಾಲ್ಕು ಅಕ್ಷರ `krsu` ಆಗುತ್ತದೆ. ಚುಕ್ಕಿ, ಖಾಲಿ ಜಾಗಗಳನ್ನು ಕೆಲವರು ಬಿಟ್ಟು ಎಣಿಸುತ್ತಾರೆ, ಕೆಲವರು ಸೇರಿಸಿ ಎಣಿಸುತ್ತಾರೆ. ಯಾವುದು ಎಂದು ಸೂತ್ರದ ಕೆಳಗಿನ ಸಣ್ಣ ಸಾಲುಗಳಲ್ಲಿ ಹೇಳಿರುತ್ತಾರೆ, ಅದನ್ನು ಓದದೆ ಮುಂದೆ ಹೋಗಬೇಡಿ. ಹೆಸರಿನಲ್ಲಿ ಮೂರೇ ಅಕ್ಷರವಿದ್ದರೆ ಏನು ಮಾಡಬೇಕೆಂಬುದನ್ನೂ ಅಲ್ಲೇ ನೋಡಿ. ಜಂಟಿ ಖಾತೆಯಾದರೆ ಮೊದಲ ಖಾತೆದಾರರ ಹೆಸರನ್ನು, ಹುಟ್ಟಿದ ದಿನವನ್ನು ಹಾಕಿ ನೋಡಿ. ಹುಟ್ಟಿದ ದಿನವೇ ದಾಖಲೆಯಲ್ಲಿ ತಪ್ಪಾಗಿದ್ದರೆ, ಆ ತಪ್ಪು ದಿನ ಹಾಕಿದಾಗಲೇ ಫೈಲ್ ತೆರೆಯುತ್ತದೆ.

ತಪ್ಪಾದರೆ ಖಾತೆ ಲಾಕ್ ಆಗುತ್ತದೆ ಎಂಬ ಹೆದರಿಕೆ ಬೇಡ. ಡೌನ್‌ಲೋಡ್ ಮಾಡಿದ ಪಿಡಿಎಫ್ ಎಷ್ಟು ಸಲ ತಪ್ಪಾಯಿತು ಎಂದು ಲೆಕ್ಕ ಇಡುವುದಿಲ್ಲ, ಕಳಿಸಿದವರಿಗೂ ತಿಳಿಸುವುದಿಲ್ಲ. ಸಮಾಧಾನವಾಗಿ ಒಂದೊಂದೇ ಬದಲಾವಣೆ ಮಾಡಿ ನೋಡಬಹುದು.

ಆದರೆ ಈ ಅನುಕೂಲ ಬೇರೆಯವರಿಗೂ ಸಿಗುತ್ತದೆ, ಅಲ್ವಾ? ನಿಮ್ಮ ಹೆಸರು ಗೊತ್ತಿದ್ದವರಿಗೆ ಉಳಿಯುವುದು ದಿನ ಮತ್ತು ತಿಂಗಳು ಮಾತ್ರ. ಅದರಲ್ಲಿ ಸಾಧ್ಯತೆಗಳು ಹೆಚ್ಚೆಂದರೆ 366. ಕಂಪ್ಯೂಟರ್‌ಗೆ ಅದು ಕ್ಷಣದ ಕೆಲಸ. ಆದ್ದರಿಂದ ಪಾಸ್‌ವರ್ಡ್ ಇದೆಯಲ್ಲ ಅಂತ ಸ್ಟೇಟ್‌ಮೆಂಟನ್ನು ಸುಮ್ನೆ ಯಾರಿಗೋ ಫಾರ್ವರ್ಡ್ ಮಾಡಬೇಡಿ.