ಪೂರ್ತಿ ಬ್ರೇಕ್ ಒತ್ತಿದರೆ ಕಾರು ಯಾಕೆ ತಿರುಗುವುದಿಲ್ಲ?

‘ಆಸ್ಫಾಲ್ಟ್’, ‘ನೀಡ್ ಫಾರ್ ಸ್ಪೀಡ್’ನಂಥ ಕಾರು ರೇಸಿನ ವಿಡಿಯೊ ಗೇಮ್ ಆಡಿ ಪಳಗಿದ ಹುಡುಗನೊಬ್ಬ ಮೊದಲ ಸಲ ‘ಅಸೆಟ್ಟೊ ಕೋರ್ಸಾ’ದಂಥ, ನಿಜವಾದ ಕಾರನ್ನು ಅನುಕರಿಸುವ ಸಿಮ್ಯುಲೇಶನ್ ಆಟಕ್ಕೆ ಕೂತು, ಆಟ ಕೊಡುವ ನೆರವುಗಳನ್ನೆಲ್ಲ ಆಫ್ ಮಾಡಿದ ಅಂದುಕೊಳ್ಳಿ. ಮೊದಲ ತಿರುವಿನಲ್ಲೇ ಅವನ ಕಥೆ ಮುಗಿಯುತ್ತದೆ. ಬ್ರೇಕ್ ಪೂರ್ತಿ ಒತ್ತಿ ಸ್ಟೀರಿಂಗ್ ತಿರುಗಿಸುತ್ತಾನೆ, ಕಾರು ಮಾತ್ರ ಮೂಗಿನ ನೇರಕ್ಕೆ ಹೋಗಿ ಜಲ್ಲಿಯಲ್ಲಿ ಹೂತುಕೊಳ್ಳುತ್ತದೆ. ‘ಇದರಲ್ಲಿ ಗ್ರಿಪ್ಪೇ ಇಲ್ಲ ಕಣೋ’ ಅನ್ನುತ್ತಾನೆ. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ! ಸಿಮ್ ಆಟ ಎಂದರೆ ಬೇಕೆಂದೇ ಜಾರುವಂತೆ ಮಾಡಿದ ಆಟ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ನಿಜಕ್ಕೂ ಆ ಹುಡುಗನ ಕಾರಿಗೆ ಒಣ ರಸ್ತೆಯ ಮೇಲೆ ನಮ್ಮ ನಿಮ್ಮ ಕಾರಿಗಿರುವಷ್ಟು ಅಥವಾ ಅದಕ್ಕಿಂತ ಹೆಚ್ಚೇ ಹಿಡಿತ ಇತ್ತು. ಅವನು ಅದನ್ನೆಲ್ಲ ಬ್ರೇಕಿಗೇ ಸುರಿದುಬಿಟ್ಟ.

‘ಆಸ್ಫಾಲ್ಟ್’ನಂಥ ಆರ್ಕೇಡ್ ಆಟದಲ್ಲಿ ಹೀಗೆ ಹಿಡಿತ ಖಾಲಿಯಾಗುವ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಬಹಳ ಸಲ ಟೈರು ಎಂಬುದೇ ಇರುವುದಿಲ್ಲ. ಚಕ್ರಗಳು ಬರೀ ಚಿತ್ರ. ಕಾರು ಒಂದೇ ಪೆಟ್ಟಿಗೆ. ಅದು ಮುಂದಕ್ಕೆ ಎಷ್ಟು ವೇಗದಲ್ಲಿದೆ, ಪಕ್ಕಕ್ಕೆ ಎಷ್ಟು ವೇಗದಲ್ಲಿ ಜಾರುತ್ತಿದೆ ಎಂದು ನೋಡಿ, ಪಕ್ಕದ ವೇಗವನ್ನು ಪ್ರತಿ ಫ್ರೇಮಿನಲ್ಲೂ ಒಂದಿಷ್ಟು ಕತ್ತರಿಸಿದರೆ ಆಯಿತು. ಇಡೀ ‘ಗ್ರಿಪ್’ ಒಂದು ಸಾಲಿನಲ್ಲಿ ಮುಗಿಯುತ್ತದೆ:

```
v_side = v_side * 0.92
```

ಸಂಖ್ಯೆ ಆಟದಿಂದ ಆಟಕ್ಕೆ ಬೇರೆ, ತಂತ್ರ ಇದೇ. ಇದರೊಳಗೆ ಏನು ಅಡಗಿದೆ ಎಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರಿನ ಮೂಗು ಸಾಗುವ ದಿಕ್ಕಿಗಿಂತ 20 ಡಿಗ್ರಿ ಓರೆಯಾಯಿತು ಎನ್ನಿ. ಆಗ ಅದು ಪಕ್ಕಕ್ಕೆ ಸೆಕೆಂಡಿಗೆ ಸುಮಾರು 9.5 ಮೀಟರ್ ವೇಗದಲ್ಲಿ ಜಾರುತ್ತಿರುತ್ತದೆ. ಅದರ ಶೇ 8ನ್ನು ಒಂದು ಫ್ರೇಮಿನಲ್ಲಿ, ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಅಳಿಸಬೇಕಾದರೆ ಟೈರು ಗುರುತ್ವಾಕರ್ಷಣೆಯ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು ಬಲದಿಂದ ಕಾರನ್ನು ಎಳೆಯಬೇಕು. ಮಾಮೂಲಿ ಕಾರಿನ ಟೈರು ಒಣ ಡಾಂಬರಿನ ಮೇಲೆ ಕೊಡಬಲ್ಲದ್ದು ಹೆಚ್ಚುಕಡಿಮೆ ಒಂದು ಪಟ್ಟು. ಫಾರ್ಮುಲಾ 1 ಕಾರು ಐದು ಪಟ್ಟಿನ ಹತ್ತಿರ ಹೋಗುತ್ತದಲ್ಲ ಎನ್ನಬಹುದು. ಹೌದು, ಆದರೆ ಅಲ್ಲಿ ಗಾಳಿ ರೆಕ್ಕೆಗಳ ಮೇಲೆ ಕೂತು ಕಾರನ್ನು ನೆಲಕ್ಕೆ ಅದುಮುತ್ತಿರುತ್ತದೆ. ವೇಗ ಇಳಿದಂತೆ ಆ ಭಾಗ್ಯವೂ ಇಳಿಯುತ್ತದೆ.

ನಾಲ್ಕೂವರೆಯೇ ದೊಡ್ಡ ಸುಳ್ಳು, ಅದಕ್ಕಿಂತ ಸೊಗಸಾದ ಸುಳ್ಳು ಇನ್ನೊಂದಿದೆ. ವೇಗವನ್ನು 200ಕ್ಕೆ ಏರಿಸಿದರೆ ಅದೇ ಸಾಲು ಒಂಬತ್ತು ಪಟ್ಟಿಗಿಂತ ಹೆಚ್ಚು ಕೊಡುತ್ತದೆ. ಹೆಚ್ಚು ಜಾರಿದಷ್ಟೂ ಹೆಚ್ಚು ಹಿಡಿತ! ಮೇಲೊಂದು ಮಿತಿಯೇ ಇಲ್ಲ. ಇಂಥ ಕಾರು ಕೈತಪ್ಪಬೇಕೆಂದರೂ ತಪ್ಪಲಾರದು. ಹಾಗಾದರೆ ಕಾರು ಓರೆಯಾಗಿ ಜಾರುತ್ತಲೇ ತಿರುವು ದಾಟುವ ಡ್ರಿಫ್ಟ್ ಹೇಗೆ ಆಗುತ್ತದೆ? ಬ್ರೇಕ್ ಗುಂಡಿ ತಟ್ಟಿದಾಗ ಆಟ ಆ 0.92ನ್ನು 0.98 ಮಾಡುತ್ತದೆ, ಅಷ್ಟೆ. ಪಕ್ಕದ ವೇಗ ಅರ್ಧಕ್ಕಿಳಿಯಲು ಮೊದಲು ಎಂಟೊಂಬತ್ತು ಫ್ರೇಮ್ ಸಾಕಾಗುತ್ತಿತ್ತು, ಈಗ ಮೂವತ್ತನಾಲ್ಕು ಬೇಕು. ಕಣ್ಣಿಗೆ ಅದೇ ಭರ್ಜರಿ ಡ್ರಿಫ್ಟ್. ಕೆಲವು ಆಟಗಳು ಕತ್ತರಿಸಿದ ಪಕ್ಕದ ವೇಗವನ್ನು ಮುಂದಿನ ವೇಗಕ್ಕೆ ಸೇರಿಸಿಬಿಡುವುದರಿಂದ ತಿರುವಿನಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ‘ಆಸ್ಫಾಲ್ಟ್’ನಲ್ಲಂತೂ ಡ್ರಿಫ್ಟ್ ಮಾಡಿದ್ದಕ್ಕೆ ವೇಗ ಹೆಚ್ಚಿಸುವ ನೈಟ್ರೊ ತುಂಬಿ ಬಹುಮಾನವೂ ಸಿಗುತ್ತದೆ. ಬ್ರೇಕ್ ಇಲ್ಲಿ ನಿಲ್ಲಿಸುವ ಸಾಧನವಾಗಿ ಉಳಿದೇ ಇಲ್ಲ, ತಿರುಗಿಸುವ ಸ್ವಿಚ್ಚಾಗಿದೆ.

ಇದನ್ನು ಬೈಯುವ ಉದ್ದೇಶ ನನಗಿಲ್ಲ. ಈ ಆಟಗಳು ಹುಟ್ಟಿದ್ದು ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ. 1982ರ ‘ಪೋಲ್ ಪೊಸಿಷನ್’, 1986ರ ‘ಔಟ್‌ರನ್’ ಕಾಲದಲ್ಲಿ ಪರದೆಯ ಮೇಲೆ ತಿರುಗುತ್ತಿದ್ದದ್ದು ರಸ್ತೆಯ ಚಿತ್ರ. ಕಾರನ್ನು ವೇಗ ಮತ್ತು ತಿರುವಿನ ಕಡಿದಿಗೆ ತಕ್ಕಂತೆ ಹೊರಗಂಚಿಗೆ ನೂಕಿದರೆ ಆಯಿತು, ಆಟಗಾರ ಸ್ಟೀರಿಂಗಿನಿಂದ ಒಳಕ್ಕೆ ನೂಕುತ್ತಿದ್ದ. 1993ರ ‘ರಿಡ್ಜ್ ರೇಸರ್’ ಮೂರು ಆಯಾಮದ ರಸ್ತೆ ತಂದಾಗಲೂ ಡ್ರಿಫ್ಟನ್ನು ಸುಲಭದ ಸುಖವಾಗಿಯೇ ಉಳಿಸಿಕೊಂಡಿತು. ಮೊದಲ ತಿರುವಿನಲ್ಲೇ ಗಿರಗಿರ ಸುತ್ತಿ ನಿಂತವನು ಎರಡನೇ ನಾಣ್ಯ ಹಾಕುತ್ತಾನೆಯೇ?

ಈಗ ನಿಜವಾದ ಟೈರಿಗೆ ಬರೋಣ. ಟೈರು ಬಲ ಕೊಡಬೇಕಾದರೆ ಚೂರು ಜಾರಲೇಬೇಕು ಎಂಬುದು ಹಲವರಿಗೆ ಗೊತ್ತಿರದ ಸಂಗತಿ. ಬ್ರೇಕ್ ಒತ್ತಿದಾಗ ಚಕ್ರ ರಸ್ತೆಯ ವೇಗಕ್ಕಿಂತ ಸ್ವಲ್ಪ ನಿಧಾನ ತಿರುಗುತ್ತದೆ, ನೆಲ ಮುಟ್ಟಿದ ಕಡೆ ರಬ್ಬರು ಹಿಗ್ಗಿ ಎಳೆಯುತ್ತದೆ. ಈ ವ್ಯತ್ಯಾಸ ಬೆಳೆದಂತೆ ಬಲವೂ ಏರುತ್ತದೆ. ಶೇ 10ರಿಂದ 15ರ ಆಸುಪಾಸಿನಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ಚಕ್ರ ಪೂರ್ತಿ ನಿಂತು ‘ಲಾಕ್’ ಆದಾಗ ಹಿಡಿತ ಶಿಖರದ ಮುಕ್ಕಾಲು ಭಾಗಕ್ಕೆ ಇಳಿಯಿತು ಎಂದುಕೊಳ್ಳೋಣ. 100 ಕಿ.ಮೀ. ವೇಗದಿಂದ ಶಿಖರದಲ್ಲೇ ಬ್ರೇಕ್ ಹಿಡಿದರೆ ಸುಮಾರು 39 ಮೀಟರಿನಲ್ಲಿ ನಿಲ್ಲುವ ಕಾರು, ಲಾಕ್ ಮಾಡಿದರೆ 52 ಮೀಟರ್ ತೆಗೆದುಕೊಳ್ಳುತ್ತದೆ. ಇನ್ನೂ ಜೋರಾಗಿ ಒತ್ತಿದ್ದಕ್ಕೆ ಸಿಕ್ಕ ಫಲ ಹದಿಮೂರು ಮೀಟರ್ ನಷ್ಟ.

ಈ ಏರಿಳಿತವನ್ನು ಸೂತ್ರಕ್ಕಿಳಿಸಿದವರಲ್ಲಿ ದೊಡ್ಡ ಹೆಸರು ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಸೆಯ್ಕಾ ಅವರದು. 1980ರ ದಶಕದಲ್ಲಿ ಅವರ ತಂಡ ವೋಲ್ವೊ ಕಂಪನಿಯ ಜತೆ ಸೇರಿ ರೂಪಿಸಿದ ಇದನ್ನು ‘ಮ್ಯಾಜಿಕ್ ಫಾರ್ಮುಲಾ’ ಎನ್ನುತ್ತಾರೆ:

```
F = D sin(C arctan(Bx - E(Bx - arctan(Bx))))
```

ಹೆಸರು ಕೇಳಿ ಮಂತ್ರ ಎಂದುಕೊಳ್ಳಬೇಡಿ. ಅಳತೆ ಮಾಡಿದ ಬಿಂದುಗಳ ಮೇಲೆ ಚೆನ್ನಾಗಿ ಕೂರುವ ಗೆರೆ, ಅಷ್ಟೆ. ನಮಗೆ ಇಲ್ಲಿ ಬೇಕಾದ್ದು D ಒಂದೇ. x ಎಂಬ ಜಾರಿಕೆ ಎಷ್ಟೇ ಬೆಳೆಯಲಿ, ಬಲ D ಅನ್ನು ದಾಟುವುದಿಲ್ಲ. ಆರ್ಕೇಡ್ ಸಾಲಿನಲ್ಲಿ ಇಲ್ಲದ ಮಿತಿ ಇದೇ.

ಈ ಮಿತಿ ಬ್ರೇಕಿಗೊಂದು, ತಿರುವಿಗೊಂದು ಎಂದು ಬೇರೆಬೇರೆ ಇರುವುದಿಲ್ಲ. ಐದು ಮಾರು ಹಗ್ಗದಲ್ಲಿ ಗೂಟಕ್ಕೆ ಕಟ್ಟಿದ ಹಸುವನ್ನು ನೆನೆಯಿರಿ. ಉತ್ತರಕ್ಕೆ ಐದು ಮಾರು ಹೋದರೆ ಪೂರ್ವಕ್ಕೆ ಒಂದಡಿಯೂ ಸರಿಯಲಾರದು. ಮೂರೇ ಮಾರು ಹೋಗಿದ್ದರೆ ಪೂರ್ವಕ್ಕೆ ನಾಲ್ಕು ಮಾರು ಸಿಗುತ್ತದೆ. ಉತ್ತರವೆಂದರೆ ಬ್ರೇಕ್, ಪೂರ್ವವೆಂದರೆ ತಿರುವು, ಹಗ್ಗವೇ ಟೈರಿನ ಹಿಡಿತ. ಹಿಡಿತದ ಶೇ 60ನ್ನು ಬ್ರೇಕಿಗೆ ಕೊಟ್ಟರೂ ಶೇ 80 ತಿರುವಿಗೆ ಉಳಿಯುತ್ತದೆ. ಕೂಡಿದರೆ ನೂರಕ್ಕಿಂತ ಹೆಚ್ಚಾಗುತ್ತದಲ್ಲ ಎಂದು ಗಾಬರಿ ಬೇಡ, ಇದು ಪೈಥಾಗೊರಸನ ಲೆಕ್ಕ. ಎಂಜಿನಿಯರುಗಳು ಇದನ್ನು ಘರ್ಷಣೆಯ ವೃತ್ತ ಎನ್ನುತ್ತಾರೆ. ಜರ್ಮನ್ ಎಂಜಿನಿಯರ್ ವುನಿಬಾಲ್ಡ್ ಕಾಮ್ ನೆನಪಿಗೆ ಕಾಮ್ ವೃತ್ತ ಎಂದೂ ಕರೆಯುತ್ತಾರೆ.

ನಮ್ಮ ಹುಡುಗನ ತಿರುವನ್ನು ಈಗ ಬಿಡಿಸಬಹುದು. ತಿರುವಿನ ತ್ರಿಜ್ಯ 50 ಮೀಟರ್, ಟೈರಿನ ಮಿತಿ ಒಂದು ಪಟ್ಟು ಗುರುತ್ವ ಎಂದಿಟ್ಟುಕೊಂಡರೆ ಬ್ರೇಕ್ ಮುಟ್ಟದೆ ಅಲ್ಲಿ ಹೋಗಬಹುದಾದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಅವನು 150ರಲ್ಲಿ ಬರುತ್ತಿದ್ದಾನೆ. ನೇರ ದಾರಿಯಲ್ಲೇ ಇಳಿಸಬೇಕೆಂದರೆ 63 ಮೀಟರ್ ಮೊದಲೇ ಬ್ರೇಕ್ ಹಿಡಿಯಬೇಕಿತ್ತು. ಅವನು 40 ಮೀಟರ್ ಇರುವಾಗ ಹಿಡಿದ. ತಿರುವು ಬರುವಾಗ ವೇಗ ಇನ್ನೂ 110ರ ಹತ್ತಿರ. ಕಾಲು ಬ್ರೇಕಿನ ಮೇಲೆ ಪೂರ್ತಿ ಇದೆ, ಹಸು ಉತ್ತರದ ತುದಿಯಲ್ಲಿದೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೇನು? ಆರ್ಕೇಡಿನಲ್ಲಿ ಬ್ರೇಕ್ ಒಂದು ಸಂಖ್ಯೆಯಿಂದ ಕಳೆಯುತ್ತದೆ, ಸ್ಟೀರಿಂಗ್ ಇನ್ನೊಂದನ್ನು ಬದಲಿಸುತ್ತದೆ, ಒಂದಕ್ಕೊಂದು ಪರಿಚಯವೇ ಇಲ್ಲ.

ಪಳಗಿದ ಸಿಮ್ ಆಟಗಾರ ನೇರದಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದು, ಸ್ಟೀರಿಂಗ್ ತಿರುಗುತ್ತಾ ಹೋದಂತೆ ಕಾಲನ್ನು ಅಷ್ಟಷ್ಟೇ ಸಡಿಲಿಸುತ್ತಾ ತಿರುವಿನೊಳಕ್ಕೆ ಹೋಗುತ್ತಾನೆ. ಇದಕ್ಕೆ ಟ್ರೇಲ್ ಬ್ರೇಕಿಂಗ್ ಎಂದು ಹೆಸರು. ಇದರಲ್ಲಿ ಇನ್ನೊಂದು ಲಾಭವಿದೆ. 1,200 ಕೆ.ಜಿ. ಕಾರಿನ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ, ಮುಂದಿನ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇದ್ದರೆ, ಗಟ್ಟಿ ಬ್ರೇಕಿನಲ್ಲಿ 240 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. 600-600 ಇದ್ದದ್ದು 840-360 ಆಗುತ್ತದೆ. ಮುಂದಿನ ಚಕ್ರಕ್ಕೆ ಬಲ ಬರುತ್ತದೆ, ಮೂಗು ಒಳಕ್ಕೆ ಚುರುಕಾಗಿ ತಿರುಗುತ್ತದೆ. ಬೆಲೆ ತೆರುವುದು ಹಿಂಭಾಗ: ಅಲ್ಲಿ ಬ್ರೇಕ್ ಪಾಲು ಚೂರು ಹೆಚ್ಚಿದ್ದರೂ ಹಗುರಾದ ಹಿಂದಿನ ಚಕ್ರಗಳು ಲಾಕ್ ಆಗಿ ಕಾರು ಬುಗುರಿಯಾಗುತ್ತದೆ.

ಹಾಗೆಂದು ಸಿಮ್ ಆಟ ಹೇಳಿದ್ದೆಲ್ಲ ಸತ್ಯವೂ ಅಲ್ಲ. ಟೈರು ಪರೀಕ್ಷಿಸುವ ಯಂತ್ರಗಳ ಅಳತೆ ಸಾಮಾನ್ಯವಾಗಿ ಶಿಖರದ ಸುತ್ತಮುತ್ತ ಮುಗಿಯುತ್ತದೆ. ಕಾರು ನಲವತ್ತು ಡಿಗ್ರಿ ಓರೆಯಾಗಿ ಜಾರುವಾಗ ಎಷ್ಟು ಹಿಡಿತ ಉಳಿದಿರಬೇಕು ಎಂಬುದರಲ್ಲಿ ಆಟ ಮಾಡಿದವರ ಊಹೆಯೇ ಹೆಚ್ಚು. ಆ ಇಳಿಜಾರನ್ನು ಕಡಿದಾಗಿಟ್ಟರೆ ಕಾರು ನಿಜಕ್ಕಿಂತ ಹೆಚ್ಚು ಕೈಕೊಡುತ್ತದೆ. ಜತೆಗೆ ನಮ್ಮ ಬೆನ್ನಿಗೂ ಸೊಂಟಕ್ಕೂ ಯಾವ ಸುಳಿವೂ ಸಿಗುವುದಿಲ್ಲ. ಒಳ್ಳೆಯ ಫೋರ್ಸ್ ಫೀಡ್‌ಬ್ಯಾಕ್ ಸ್ಟೀರಿಂಗ್ ಇದ್ದರೆ ಒಂದು ಸೂಚನೆ ಬರುತ್ತದೆ: ಸ್ಟೀರಿಂಗನ್ನು ನೇರಕ್ಕೆ ಎಳೆಯುವ ಟೈರಿನ ಬಲ, ಹಿಡಿತ ಶಿಖರ ಮುಟ್ಟುವ ಮೊದಲೇ ಕುಗ್ಗತೊಡಗುತ್ತದೆ. ಸ್ಟೀರಿಂಗ್ ಕೈಯಲ್ಲಿ ತುಸು ಹಗುರಾಯಿತೆಂದರೆ ಅಂಚು ಹತ್ತಿರ ಬಂತು ಎಂದು ಲೆಕ್ಕ. ಕೀಬೋರ್ಡಿನಲ್ಲಿ ಆಡುವವನಿಗೆ ಈ ಸುದ್ದಿ ತಲುಪುವುದೇ ಇಲ್ಲ. ಅವನ ಬ್ರೇಕೂ ಒಂದೋ ಸೊನ್ನೆ, ಇಲ್ಲವೋ ನೂರು.

ನಿಮ್ಮ ಬಳಿ ಇರುವ ಆಟ ಯಾವ ಜಾತಿಯದೆಂದು ತಿಳಿಯಲು ಡಬ್ಬಿಯ ಮೇಲಿನ ಬರಹ ನಂಬಬೇಡಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಆಫ್ ಮಾಡುವ ಅವಕಾಶವಿದ್ದರೆ ಮಾಡಿ, ಅಗಲವಾದ ಜಾಗದಲ್ಲಿ 100ಕ್ಕೆ ಹೋಗಿ ಬ್ರೇಕ್ ಪೂರ್ತಿ ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಿ. ಕಾರು ಹೇಳಿದ ಕಡೆ ತಿರುಗಿದರೆ ಅಲ್ಲಿ ಹಗ್ಗ ಇಲ್ಲ. ನೆಟ್ಟಗೆ ಹೋದರೆ, ಕಾಲನ್ನು ಅರ್ಧ ಎತ್ತಿ ನೋಡಿ: ಚಕ್ರಗಳು ಮತ್ತೆ ಉರುಳತೊಡಗಿದ ಗಳಿಗೆಯಲ್ಲೇ ಮೂಗು ತಿರುವಿನ ಕಡೆ ಎಳೆಯಬೇಕು. ‘ಫೋರ್ಜಾ ಹೊರೈಜನ್’ನಂಥ ನಡುದಾರಿಯ ಆಟಗಳು ಈ ಪರೀಕ್ಷೆಯಲ್ಲಿ ಪಾಸಾಗಿಯೂ ಡ್ರಿಫ್ಟಿನಲ್ಲಿ ನಿಮ್ಮನ್ನು ಮೆಲ್ಲಗೆ ಕಾಪಾಡುತ್ತವೆ. ಅದನ್ನು ಹಿಡಿಯಲು ಇನ್ನೊಂದು ಪರೀಕ್ಷೆ: ಒಂದೇ ತಿರುವನ್ನು ಒಮ್ಮೆ ಜಾರಿಸಿಕೊಂಡು, ಒಮ್ಮೆ ಜಾರಿಸದೆ ದಾಟಿ, ಹೊರಬರುವಾಗಿನ ವೇಗವನ್ನು ಗುರುತು ಹಾಕಿಕೊಳ್ಳಿ. ಒಣ ಡಾಂಬರಿನ ಮೇಲೆ ಜಾರಿದ ಸುತ್ತು ನಿಧಾನವಾಗಿರಲೇಬೇಕು.