ತೊಳೆದ ಮೇಲೆ ಕಪ್ಪಾಗುವ ಕೆಂಪು: ಅರಗು ತುಂಬಿದ ಹಳೇ ಒಡವೆ ಕೆಡುವುದು ಹೇಗೆ?

ತಂಜಾವೂರಿನ ದೊಡ್ಡ ದೇವಸ್ಥಾನವನ್ನು ರಾಜರಾಜ ಚೋಳ ಕಟ್ಟಿಸಿ ಮುಗಿಸಿದ್ದು 1010ರ ಸುಮಾರಿಗೆ. ದೇವರಿಗೆ ಕೊಟ್ಟ ಒಡವೆಗಳ ವಿವರವನ್ನು ಅಲ್ಲಿನ ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾರೆ. ಚಿನ್ನ ಎಷ್ಟು ಅಂತ ಬರೆದು ಸುಮ್ಮನಾಗಿಲ್ಲ. ಮಾಣಿಕ್ಯ ಎಷ್ಟು, ವಜ್ರ ಎಷ್ಟು, ಯಾವ ಹರಳಿನಲ್ಲಿ ಚುಕ್ಕೆ ಇದೆ, ಯಾವುದರಲ್ಲಿ ಬಿರುಕು ಇದೆ, ಎಲ್ಲವೂ ಇದೆ. ಒಡವೆಯ ಒಟ್ಟು ತೂಕ ಹೇಳುವಾಗ ಒಳಗಿರುವ ಅರಗನ್ನೂ ಸೇರಿಸಿ ಹೇಳಿದ್ದಾರೆ.

ಸಾವಿರ ವರ್ಷದ ಹಿಂದೆ ಹೀಗೆ ಲೆಕ್ಕಕ್ಕೆ ಬಂದಿದ್ದ ಅರಗನ್ನು ಇವತ್ತು ಅಜ್ಜಿಯ ಅಡ್ಡಿಗೆ, ವಂಕಿ, ಜಡೆಬಿಲ್ಲೆ ಇಟ್ಟುಕೊಂಡಿರುವ ಹಲವರು ಮರೆತಿದ್ದಾರೆ. ಅದು ಹೊರಗೆ ಕಾಣುವುದಿಲ್ಲ, ಅಲ್ವಾ? ಚಿನ್ನ ಕಾಣುತ್ತದೆ, ಕೆಂಪು ಕಾಣುತ್ತದೆ. ಹಾಗಾಗಿ ಬೇರೆ ಚಿನ್ನದ ಒಡವೆಯ ಹಾಗೇ ಇದನ್ನೂ ತೊಳೆಯುತ್ತಾರೆ. ನೂರು ವರ್ಷ ಚೆನ್ನಾಗಿದ್ದ ಒಡವೆ ಒಂದು ಮದುವೆಯ ತಯಾರಿಯಲ್ಲಿ ಕೆಡುವುದು ಹೀಗೆ.

ಒಳಗೆ ಏನಿದೆ ಅಂತ ಮೊದಲು ನೋಡೋಣ. ದೇವಸ್ಥಾನದ ಮಾದರಿಯ ಹಳೇ ಒಡವೆಯಲ್ಲಿ ಚಿನ್ನ ಗಟ್ಟಿಯಾಗಿ ಇರುವುದಿಲ್ಲ. ತೆಳುವಾದ ತಗಡನ್ನು ತಟ್ಟಿ ಹಂಸ, ಗಂಡಭೇರುಂಡ, ಲಕ್ಷ್ಮಿಯ ಆಕಾರ ಕೊಟ್ಟಿರುತ್ತಾರೆ. ಒಳಗೆ ಟೊಳ್ಳು. ಟೊಳ್ಳಾದರೆ ಬೆರಳು ಒತ್ತಿದ ಕಡೆ ನೆಗ್ಗುತ್ತದೆ. ಅದಕ್ಕೇ ಅರಗನ್ನು ಬಿಸಿ ಮಾಡಿ ತುಂಬುತ್ತಾರೆ. ಹರಳು ಕೂರುವ ಗೂಡಿನಲ್ಲೂ ಅರಗು ಹಾಕಿ, ಮೇಲೆ ತೆಳುವಾದ ಹೊಳೆಯುವ ರೇಕು ಇಟ್ಟು, ಅದರ ಮೇಲೆ ಹರಳು ಕೂರಿಸುತ್ತಾರೆ. ಹರಳಿನ ಸುತ್ತ ಅಪ್ಪಟ ಚಿನ್ನದ ಮೆತ್ತನೆಯ ಪಟ್ಟಿಯನ್ನು ಉಕ್ಕಿನ ಮೊನೆಯಿಂದ ಒತ್ತಿ ಒತ್ತಿ ಕೂರಿಸುತ್ತಾರೆ. ಇದೇ ಕುಂದಣ. ಇಲ್ಲಿ ಬೆಸುಗೆ ಇಲ್ಲ, ಬೆಂಕಿಯೂ ಇಲ್ಲ. ಅಷ್ಟು ಶುದ್ಧ ಚಿನ್ನ ತಣ್ಣಗಿದ್ದಾಗಲೇ ಬರೀ ಒತ್ತಡಕ್ಕೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಈ ಹರಳುಗಳಿಗೆ ಇವತ್ತಿನ ವಜ್ರದ ಹಾಗೆ ಮುಖ ಕತ್ತರಿಸಿರುವುದಿಲ್ಲ. ಸಿಕ್ಕ ಆಕಾರದಲ್ಲೇ ಉಜ್ಜಿ ನಯ ಮಾಡಿರುತ್ತಾರೆ. ಒಳಗೆ ಹೋದ ಬೆಳಕನ್ನು ತಾನೇ ತಿರುಗಿಸಿ ಕಳಿಸುವ ಶಕ್ತಿ ಇಂಥ ಹರಳಿಗೆ ಕಡಿಮೆ. ಆ ಕೆಲಸ ಮಾಡುವುದು ಹಿಂದಿನ ರೇಕು, ಕನ್ನಡಿಯ ಹಿಂದಿನ ಲೇಪದ ಹಾಗೆ. ಅಜ್ಜಿಯ ಅಡ್ಡಿಗೆಯ ಕೆಂಪು ದೀಪದ ಬೆಳಕಿನಲ್ಲಿ ಕೆಂಡದ ಬಣ್ಣಕ್ಕೆ ಬರುತ್ತಿದ್ದರೆ ಅದರಲ್ಲಿ ದೊಡ್ಡ ಪಾಲು ರೇಕಿನದು. ರೇಕು ಕೆಟ್ಟರೆ ಹರಳು ಸತ್ತ ಹಾಗೆ ಕಾಣುತ್ತದೆ. ಹರಳಿಗೆ ಏನೂ ಆಗಿರುವುದಿಲ್ಲ.

ಅರಗು ಸಣ್ಣ ಹುಳು ಮರದ ಕೊಂಬೆಯ ಮೇಲೆ ಬಿಡುವ ಅಂಟು. ಸುಮಾರು 65ರಿಂದ 80 ಡಿಗ್ರಿ ಸೆಲ್ಸಿಯಸ್ ಒಳಗೆ ಅದು ಮೆತ್ತಗಾಗಿ ಕರಗಲು ಶುರುವಾಗುತ್ತದೆ. ನೀರಿನಲ್ಲಿ ಕರಗುವುದಿಲ್ಲ, ಆದರೆ ಬಹಳ ಹೊತ್ತು ತೇವ ತಗುಲಿದರೆ ಬೆಳ್ಳಗಾಗುತ್ತದೆ, ಹಿಡಿತ ಬಿಡುತ್ತದೆ. ಸೋಡಾದಂಥ ಕ್ಷಾರದಲ್ಲಿ ಕರಗುತ್ತದೆ, ಸ್ಪಿರಿಟ್‌ನಲ್ಲೂ ಕರಗುತ್ತದೆ. ವಯಸ್ಸಾದಂತೆ ಪೆಡಸಾಗಿ ಬಿರಿಯುತ್ತದೆ. ಮುಂದೆ ಹೇಳುವ ಎಲ್ಲ ತೊಂದರೆಯೂ ಈ ಗುಣಗಳಿಂದಲೇ ಬರುತ್ತದೆ.

ಹಿಂದೆ ಇದು ಯಾಕೆ ಅಷ್ಟು ದೊಡ್ಡ ತೊಂದರೆ ಆಗಿರಲಿಲ್ಲ? ಒಂದು ಕಾರಣ, ಇಂಥ ಒಡವೆ ಹೊರಗೆ ಬರುತ್ತಿದ್ದುದೇ ಕಡಿಮೆ. ಮೇಲುಕೋಟೆಯ ವೈರಮುಡಿಯನ್ನೇ ನೋಡಿ. ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿರುತ್ತದೆ, ಉತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ ಬರುತ್ತದೆ, ಮತ್ತೆ ವಾಪಸ್ ಹೋಗುತ್ತದೆ. ಮುಟ್ಟುವ ಕೈಗಳು ಬೆರಳೆಣಿಕೆ. ಮನೆಗಳಲ್ಲೂ ಹರಳಿನ ಒಡವೆ ಹಬ್ಬಕ್ಕೆ, ಮದುವೆಗೆ ಮಾತ್ರ. ದಿನಾ ಹಾಕುವ ಬಳೆ, ಸರವನ್ನು ಅಂಟುವಾಳದ ನೀರಿನಲ್ಲಿ ತೊಳೆದರೂ ಹರಳಿನದನ್ನು ಬಟ್ಟೆಯಲ್ಲಿ ಒರೆಸಿ ಇಡುವುದು ವಾಡಿಕೆ. ಇನ್ನೊಂದು ಕಾರಣ ಮನೆಗೆ ಗೊತ್ತಿದ್ದ ಅಕ್ಕಸಾಲಿಗ. ಹರಳು ಅಲುಗಿದರೆ ಅವರ ಹತ್ತಿರ ಹೋಗುತ್ತಿತ್ತು. ಅವರೋ, ಅವರ ಅಪ್ಪನೋ ಮಾಡಿದ ಒಡವೆ ಆಗಿದ್ದರಿಂದ ಒಳಗೆ ಏನಿದೆ ಅಂತ ಅವರಿಗೆ ಹೇಳಬೇಕಿರಲಿಲ್ಲ.

ಈ ಎರಡನೆಯ ಕೊಂಡಿಗೆ ದೊಡ್ಡ ಪೆಟ್ಟು ಬಿದ್ದದ್ದು 1963ರಲ್ಲಿ. ಆ ವರ್ಷ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು. ಮೊರಾರ್ಜಿ ದೇಸಾಯಿ ಆಗ ಹಣಕಾಸು ಮಂತ್ರಿ. 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ ಅಂದರು. ಕುಂದಣಕ್ಕೆ ಬೇಕಾದದ್ದು ಅಪ್ಪಟ ಚಿನ್ನ. 14 ಕ್ಯಾರೆಟ್ ಚಿನ್ನ ಗಡುಸು, ಒತ್ತಿದರೆ ಕೂರುವುದೇ ಇಲ್ಲ. ಆ ಮಿತಿ ಮುಂದೆ ಸಡಿಲವಾಯಿತು, ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು. ಅದು ರದ್ದಾಗಿದ್ದು 1990ರಲ್ಲಿ. ಈ ನಡುವೆ ಎಷ್ಟೋ ಅಕ್ಕಸಾಲಿಗರು ಕಸುಬು ಬಿಟ್ಟರು, ಮಕ್ಕಳನ್ನು ಬೇರೆ ಕೆಲಸಕ್ಕೆ ಹಾಕಿದರು. ತಮಿಳುನಾಡಿನ ನಾಗರಕೋಯಿಲ್‌ನ ವಡಸೇರಿಯಂಥ ಕೆಲವು ಕಡೆ ದೇವಸ್ಥಾನದ ಒಡವೆಯ ಕೆಲಸ ಉಳಿಯಿತು. ಭರತನಾಟ್ಯದವರ ಬೇಡಿಕೆಯೂ ಅದನ್ನು ಹಿಡಿದಿಟ್ಟಿತು. ಆದರೆ ಊರೂರಲ್ಲಿ ಅರಗಿನ ಒಡವೆ ಬಿಚ್ಚಿ ಕಟ್ಟಬಲ್ಲ ಕೈಗಳು ಕಡಿಮೆಯಾದವು.

ಅವರ ಜಾಗಕ್ಕೆ ಬಂದದ್ದು ಅಂಗಡಿಯ ಪಾಲಿಶ್. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಸೋಪಿನಂಥ ದ್ರಾವಣ ಬಿಸಿ ಮಾಡಿ ಒಡವೆ ಮುಳುಗಿಸುತ್ತಾರೆ, ಕಿವಿಗೆ ಕೇಳದ ಶಬ್ದದಿಂದ ನೀರು ನಡುಗಿ ಕೊಳೆ ಬಿಡುತ್ತದೆ. ಆಮೇಲೆ ಹಬೆ ಹೊಡೆಯುತ್ತಾರೆ. ಗಟ್ಟಿ ಚಿನ್ನದ ಸರಕ್ಕೆ ಇದು ಒಳ್ಳೆಯದೇ. ಅರಗಿನ ಒಡವೆಗೆ ಬಿಸಿ, ಕ್ಷಾರ, ನೀರು, ನಡುಕ ನಾಲ್ಕೂ ಒಟ್ಟಿಗೆ ಬಿದ್ದ ಹಾಗೆ. ಯಂತ್ರದ ಮುಂದೆ ಕೂತ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಅರಗಿನ ಬಗ್ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕೆಡುವುದು ಹೇಗೆ ಅಂತ ಒಂದು ಪದಕವನ್ನು ಇಟ್ಟುಕೊಂಡೇ ನೋಡೋಣ. ನಡುವೆ ದೊಡ್ಡ ಕೆಂಪು, ಸುತ್ತ ಎಂಟು ಸಣ್ಣವು, ಕೆಳಗೆ ಮುತ್ತಿನ ಗೊಂಚಲು. ಒಟ್ಟು ತೂಕ 42 ಗ್ರಾಂ ಅಂದುಕೊಳ್ಳಿ. ಮದುವೆಯ ಹಿಂದಿನ ದಿನ ಬಿಸಿನೀರಿಗೆ ಸೋಪು ಹಾಕಿ, ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದರು. ಅವತ್ತು ಥಳಥಳ ಹೊಳೆಯಿತು. ಕುಂದಣದ ಅಂಚಿನಲ್ಲಿ ಕಣ್ಣಿಗೆ ಕಾಣದ ಸಂದು ಇತ್ತು, ಬ್ರಷ್ ಅದನ್ನು ಇನ್ನಷ್ಟು ಎಬ್ಬಿಸಿತು, ನೀರು ಒಳಗೆ ಇಳಿಯಿತು. ಹಿಂದೆ ಮುಚ್ಚಿರುವ ಒಡವೆ, ಹೊರಗೆ ಬರಲು ದಾರಿ ಇಲ್ಲ. ಕೆಲವು ದಿನದಲ್ಲಿ ಒಂದು ಸಣ್ಣ ಹರಳಿನ ಒಳಗೆ ಹೊಗೆ ಆಡಿದ ಹಾಗೆ ಕಂಡಿತು. ರೇಕು ಬೆಳ್ಳಿಯದಾಗಿದ್ದರೆ ಅಂಚಿನಿಂದ ಕಪ್ಪು ಹಬ್ಬುತ್ತಾ ಹೋಗುತ್ತದೆ. ಬಟ್ಟೆಯ ಮೇಲೆ ಕಂದು ಪುಡಿ ಉದುರಿದರೆ ಅದು ಅರಗು. ಮತ್ತೆ ತೂಗಿದಾಗ 41.6 ಗ್ರಾಂ ಬಂದರೆ ಕಳೆದದ್ದು ಹೆಚ್ಚಾಗಿ ಚಿನ್ನ ಅಲ್ಲ, ಪುಡಿಯಾಗಿ ಹೋದ ಅರಗು.

ಪರೀಕ್ಷೆ ಮಾಡುವುದು ಕಷ್ಟವಿಲ್ಲ. ಒಡವೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಗರಗರ ಅಂದರೆ ಅರಗು ಒಡೆದಿದೆ. ಮರದ ಕಡ್ಡಿಯಿಂದ ಪ್ರತಿ ಹರಳಿನ ಅಂಚನ್ನು ಹಗುರವಾಗಿ ಮುಟ್ಟಿ, ಅಲುಗುತ್ತದಾ ನೋಡಿ. ಟಾರ್ಚಿನ ಬೆಳಕಿನಲ್ಲಿ ಅಕ್ಕಪಕ್ಕದ ಹರಳುಗಳ ಬಣ್ಣ ಹೋಲಿಸಿ. ಒಂದು ಮಾತ್ರ ಮಂಕಾಗಿದ್ದರೆ ಅದರ ಹಿಂದೆ ನೀರು ಹೋಗಿದೆ ಅಂತ ತಿಳಿಯಬಹುದು.

ತಪ್ಪಿ ನೀರು ಬಿದ್ದಿದ್ದರೆ ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಲಿಗೂ ಇಡಬೇಡಿ. ಒಣ ಹತ್ತಿ ಬಟ್ಟೆಯ ಮೇಲೆ ಹರಳು ಕೆಳಗಾಗಿ ಮಲಗಿಸಿ, ನೆರಳಿನಲ್ಲಿ ನಾಲ್ಕಾರು ದಿನ ಫ್ಯಾನಿನ ಗಾಳಿಗೆ ಬಿಡಿ. ರೇಕು ಆಗಲೇ ಕಪ್ಪಾಗಿದ್ದರೆ ಒಣಗಿಸಿ ಸರಿ ಮಾಡಲು ಆಗುವುದಿಲ್ಲ, ಬಿಚ್ಚಲೇಬೇಕು. ಕುಂದಣ ಬಲ್ಲವರು ಆ ಹರಳಿನ ಸುತ್ತಲಿನ ಚಿನ್ನವನ್ನು ಮಾತ್ರ ಎಬ್ಬಿಸಿ, ಹರಳು ತೆಗೆದು, ಕೆಟ್ಟ ಅರಗನ್ನು ಕೆರೆದು, ಹೊಸ ಅರಗು, ಹೊಸ ರೇಕು ಹಾಕಿ ಮತ್ತೆ ಒತ್ತುತ್ತಾರೆ. ಇಲ್ಲೊಂದು ಇಕ್ಕಟ್ಟಿದೆ. ಹೊಸ ರೇಕಿನ ಹರಳು ಪಕ್ಕದ ಹಳೆಯವಕ್ಕಿಂತ ಜಾಸ್ತಿ ಹೊಳೆಯುತ್ತದೆ. ಆಗ ಚೆನ್ನಾಗಿರುವ ಎಂಟನ್ನೂ ಬಿಚ್ಚಿ ಹೊಸದು ಮಾಡೋಣ ಅನ್ನುವವರಿದ್ದಾರೆ. ಒಪ್ಪಬೇಡಿ ಅನ್ನುತ್ತೇನೆ. ಬಿಚ್ಚಿದ ಪ್ರತಿ ಹರಳಿನ ಜೊತೆ ಹಳೇ ಕೆಲಸ ಸ್ವಲ್ಪ ಹೋಗುತ್ತದೆ. ಕೊಂಚ ಮಂಕಾದ ರೇಕು ಹಾಕಿ ಹೊಂದಿಸಲು ಕೇಳಬಹುದು.

ಸೂಪರ್ ಗ್ಲೂ ಹಾಕುವುದು ಮಾತ್ರ ಬೇಡವೇ ಬೇಡ. ಅದರ ಆವಿಗೆ ಹರಳಿನ ಸುತ್ತ ಬಿಳಿ ಮಸುಕು ಕಟ್ಟುತ್ತದೆ, ಮುಂದೆ ಬಿಚ್ಚುವಾಗ ಮೆತ್ತನೆಯ ಚಿನ್ನವೇ ಹರಿಯುತ್ತದೆ. ಕೊಂಡಿ ಮುರಿದರೆ ಬೆಂಕಿಯ ಬೆಸುಗೆಯೂ ಅಪಾಯ. ಒಳಗಿನ ಅರಗು ಕುದಿದು ಹೊರಗೆ ಉಕ್ಕುತ್ತದೆ. ಆ ಭಾಗದ ಅರಗು ತೆಗೆದು ಬೆಸೆಯಬೇಕು, ಇಲ್ಲವೇ ಲೇಸರ್ ಬೆಸುಗೆ ಇರುವ ಕಡೆ ಕೊಡಬೇಕು.

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಹಾಕಿ ತೆಗೆದ ಕೂಡಲೇ ಒಣ ಮಲ್ಲು ಬಟ್ಟೆಯಲ್ಲಿ ಬೆವರು ಒರೆಸಿ. ಸಂದಿನ ಧೂಳಿಗೆ ಬಣ್ಣ ಹಚ್ಚುವ ಮೃದು ಬ್ರಷ್ ಸಾಕು. ವಿಭೂತಿ, ಹುಣಸೆಹಣ್ಣು ಬೆಳ್ಳಿ ಪಾತ್ರೆಗಿರಲಿ. ವಿಭೂತಿ ಕುಂದಣವನ್ನು ಗೀಚುತ್ತದೆ, ಹುಣಸೆಯ ಹುಳಿ ಮುತ್ತನ್ನು ತಿನ್ನುತ್ತದೆ. ಸೆಂಟು, ಹೇರ್ ಸ್ಪ್ರೇ ಮೊದಲು, ಒಡವೆ ಆಮೇಲೆ. ಜಡೆಬಿಲ್ಲೆ ಹಾಕುವವರು ಮಲ್ಲಿಗೆ ದಂಡೆಗೆ ನೀರು ಚಿಮುಕಿಸಿ ಅದರ ಮೇಲೇ ಕೂರಿಸುತ್ತಾರೆ. ಐದಾರು ಗಂಟೆ ಒದ್ದೆ ಹೂವಿಗೆ ಅಂಟಿಕೊಂಡಿದ್ದರೆ ಅದೂ ತೊಳೆದ ಹಾಗೇ. ಛತ್ರದ ಹೊರಗೆ ಬಿಸಿಲಲ್ಲಿ ನಿಂತ ಕಾರಿನಲ್ಲೂ ಒಡವೆ ಬಿಡಬೇಡಿ. ಡ್ಯಾಶ್‌ಬೋರ್ಡ್ ಸುಲಭವಾಗಿ 60 ಡಿಗ್ರಿ ದಾಟುತ್ತದೆ.

ಲಾಕರಿನಲ್ಲಿ ಇಡುವಾಗ ಒಂದೊಂದನ್ನೂ ಬೇರೆ ಬೇರೆ, ಒಗೆದು ಮೆತ್ತಗಾದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಚಪ್ಪಟೆಯಾಗಿ ಮಲಗಿಸಿ. ಅಂಗಡಿಯ ಗುಲಾಬಿ ಕಾಗದ ತೇವ ತಗುಲಿದರೆ ಬಣ್ಣ ಬಿಡುತ್ತದೆ. ಹಳೇ ಪೆಟ್ಟಿಗೆಯ ಸ್ಪಂಜು ವರ್ಷಗಳಾದ ಮೇಲೆ ಅಂಟಂಟಾಗಿ ಪುಡಿಯಾಗುತ್ತದೆ. ರಬ್ಬರಿನಿಂದ ಬರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಬೆವರಿನ ತೇವ ಒಳಗೇ ಉಳಿಯುತ್ತದೆ. ಮಳೆಗಾಲ ಜೋರಾಗಿರುವ ಊರಾದರೆ ಡಬ್ಬಿಯ ಮೂಲೆಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ನಾಲ್ಕೈದು ತುಂಬಿದರೆ ಅತಿಯಾಗಿ ಒಣಗಿ ಅರಗು, ಮುತ್ತು ಎರಡೂ ಬಿರಿಯಬಹುದು. ನುಸಿಗುಳಿಗೆ, ಕರ್ಪೂರ ಒಡವೆಯ ಜೊತೆ ಬೇಡ.

ಕೊನೆಗೆ ತೂಕದ ಮಾತು. 2021ರ ಜೂನ್‌ನಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಗಲು ಶುರುವಾದಾಗ ಕುಂದನ್, ಪೋಲ್ಕಿ, ಜಡಾವು ಅನ್ನುವ, ಹೀಗೆ ಹರಳು ಕೂರಿಸಿದ ಒಡವೆಗಳನ್ನು ಹೊರಗಿಟ್ಟರು. ಅರಗು, ಹರಳು, ರೇಕು ಸೇರಿದ ವಸ್ತುವಿನಲ್ಲಿ ಚಿನ್ನ ಎಷ್ಟು ಅಂತ ಬಿಚ್ಚದೆ ಹೇಳುವುದು ಕಷ್ಟ. ಹಾಗಾಗಿ ರಿಪೇರಿಗೆ ಕೊಡುವ ಮುಂಚೆ ನಿಮ್ಮ ಎದುರೇ ತೂಗಿಸಿ, ಒಟ್ಟು ತೂಕವನ್ನು ಚೀಟಿಯಲ್ಲಿ ಬರೆಸಿ. ಮುಂದೆ, ಹಿಂದೆ ಎರಡೂ ಕಡೆ ಫೋಟೊ ತೆಗೆದು ಹರಳುಗಳನ್ನು ಎಣಿಸಿಡಿ. ಆಮೇಲೆ ಎರಡು ಪ್ರಶ್ನೆ ಕೇಳಿ: ಅರಗು ಬಿಚ್ಚಿ ತುಂಬುವುದು ಇಲ್ಲೇನಾ, ಇಲ್ಲ ಬೇರೆ ಕಡೆ ಕಳಿಸುತ್ತೀರಾ? ಕೆಲಸ ಮುಗಿದ ಮೇಲೆ ಯಂತ್ರಕ್ಕೆ ಹಾಕುತ್ತೀರಾ? ಎರಡನೆಯದಕ್ಕೆ ‘ಹೌದು, ಪಾಲಿಶ್ ಫ್ರೀ’ ಅಂದರೆ ಒಡವೆಯನ್ನು ಹಾಗೇ ಸುತ್ತಿಕೊಂಡು ಬನ್ನಿ.