ಒದ್ದೆ ಗುಗ್ಗೆ, ಒಣ ಗುಗ್ಗೆ: ಒಂದೇ ಅಕ್ಷರದ ವ್ಯತ್ಯಾಸ

ಜಪಾನಿನಲ್ಲಿ ಹೆಚ್ಚಿನವರ ಕಿವಿಯ ಗುಗ್ಗೆ ಬೂದು ಬಣ್ಣದ ಒಣ ಹೊಟ್ಟಿನಂತೆ ಉದುರುತ್ತದೆ; ಯುರೋಪ್ ಮತ್ತು ಆಫ್ರಿಕಾದ ಬಹುತೇಕ ಜನರಲ್ಲಿ ಅದು ಜೇನುಕಂದು ಬಣ್ಣದ ಅಂಟು. ಭಾರತದಲ್ಲಿ ಎರಡೂ ಬಗೆಗಳಿವೆ. ಕಿವಿಯನ್ನು ಶುಚಿಯಾಗಿಡುವ ರೀತಿಯಿಂದಲೋ ಆಹಾರದಿಂದಲೋ ಈ ವ್ಯತ್ಯಾಸ ಬಂದಿರಬಹುದೆಂದು ತೋರಿದರೂ, ಅದು ಹುಟ್ಟಿನಿಂದಲೇ ಬರುವ ಗುಣ. ಜನಾಂಗದಿಂದ ಜನಾಂಗಕ್ಕೆ ಇದು ಬದಲಾಗುವುದನ್ನು ಜಪಾನಿನ ಅಂಗರಚನಾಶಾಸ್ತ್ರಜ್ಞ ಬುಂತಾರೊ ಅದಾಚಿ 1937ರಲ್ಲಿ ವಿವರವಾಗಿ ದಾಖಲಿಸಿದರು. 1962ರಲ್ಲಿ ಎಯ್ ಮತ್ಸುನಾಗ ಅವರು ಒದ್ದೆ ಬಗೆ ಪ್ರಬಲ ಗುಣವಾಗಿಯೂ ಒಣ ಬಗೆ ದುರ್ಬಲ ಗುಣವಾಗಿಯೂ ಒಂದೇ ವಂಶವಾಹಿಯ ಮೂಲಕ ಹರಿದುಬರುತ್ತವೆಂದು ವಿವರಿಸಿದರು. ಆದರೆ ಆ ವಂಶವಾಹಿ ಯಾವುದೆಂಬುದು ತಿಳಿಯಲು ಇನ್ನೂ ನಾಲ್ಕು ದಶಕ ಕಾಯಬೇಕಾಯಿತು.

ಸುಳಿವು ಸಿಕ್ಕಿದ್ದು ಬೇರೊಂದು ರೋಗದ ಹುಡುಕಾಟದಲ್ಲಿ. ಥಟ್ಟನೆ ಚಲಿಸಿದಾಗ ಕೈಕಾಲುಗಳು ತಾವಾಗಿಯೇ ತಿರುಚಿಕೊಳ್ಳುವ ಒಂದು ಆನುವಂಶಿಕ ನರರೋಗವನ್ನು ಜಪಾನಿನ ಸಂಶೋಧಕರು 16ನೇ ವರ್ಣತಂತುವಿನಲ್ಲಿ ಹುಡುಕುತ್ತಿದ್ದರು. ಗುಗ್ಗೆಯ ಬಗೆಯನ್ನು ನಿರ್ಧರಿಸುವ ತಾಣವೂ ಅದೇ ವರ್ಣತಂತುವಿನ ನಡುಭಾಗದ ಆಸುಪಾಸಿನಲ್ಲಿದೆ ಎಂದು 2002ರಲ್ಲಿ ಅವರು ಪ್ರಕಟಿಸಿದರು. 2006ರಲ್ಲಿ ಕೊಇಚಿರೊ ಯೊಶಿಉರ, ನೊರಿಒ ನಿಇಕಾವ ಮತ್ತು ಸಂಗಡಿಗರು ಎಬಿಸಿಸಿ11 ಎಂಬ ವಂಶವಾಹಿಯನ್ನು ಗುರುತಿಸಿದರು. ವಂಶವಾಹಿಯ ಬರಹವೆಲ್ಲ ಡಿಎನ್‌ಎಯ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿರುತ್ತದೆ; ಇದರ 538ನೇ ಸ್ಥಾನದಲ್ಲಿ ತಂದೆ ತಾಯಿಯರಲ್ಲಿ ಒಬ್ಬರಿಂದಲಾದರೂ ಜಿ ಅಕ್ಷರ ಬಂದಿದ್ದರೆ ಒದ್ದೆ, ತಂದೆ ತಾಯಿ ಇಬ್ಬರಿಂದಲೂ ಎ ಅಕ್ಷರ ಬಂದರೆ ಒಣ. ಈ ವಂಶವಾಹಿ ತಯಾರಿಸುವ ಪ್ರೋಟೀನ್ ಕಿವಿನಾಳದ ಗ್ರಂಥಿಯ ಕೋಶಗಳಿಂದ ಸ್ರಾವವನ್ನು ಹೊರಗೆ ಸಾಗಿಸುವ ಪಂಪಿನಂತೆ ಕೆಲಸ ಮಾಡುತ್ತದೆ. ಎ ಅಕ್ಷರದಿಂದಾಗಿ ಪ್ರೋಟೀನಿನ ಒಂದು ಅಮೈನೋ ಆಮ್ಲ ಬದಲಾದಾಗ ಕೋಶವೇ ಅದನ್ನು ಒಡೆದುಹಾಕುತ್ತದೆ. ಸ್ರಾವ ಕಡಿಮೆಯಾಗಿ, ಉದುರಿದ ಚರ್ಮದ ಪುಡಿಯೇ ಹೆಚ್ಚಾಗಿ ಉಳಿಯುತ್ತದೆ. ಕಂಕುಳಿನ ಗ್ರಂಥಿಗಳಲ್ಲೂ ಇದೇ ಪ್ರೋಟೀನ್ ಇರುವುದರಿಂದ ಒಣ ಗುಗ್ಗೆಯವರಿಗೆ ಬೆವರಿನ ವಾಸನೆಯೂ ಸಾಮಾನ್ಯವಾಗಿ ಕಡಿಮೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರದೂ ಒದ್ದೆ ಗುಗ್ಗೆ, ಹುಟ್ಟಿದ ಮಗಳದು ಒಣ. ಇದರಲ್ಲಿ ಅನುಮಾನಿಸುವಂಥದ್ದೇನೂ ಇಲ್ಲ. ಇಬ್ಬರಲ್ಲೂ ಒಂದೊಂದು ಜಿ, ಒಂದೊಂದು ಎ ಇದ್ದು, ಮಗಳಿಗೆ ಎರಡು ಕಡೆಯಿಂದಲೂ ಎ ಬಂದಿದೆ. ಪ್ರತಿ ಗರ್ಭದಲ್ಲೂ ಹೀಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿನದು ಒಣ ಆಯಿತೆಂದು ಎರಡನೆಯದರ ಲೆಕ್ಕ ಬದಲಾಗದು. ಈ ಮಗಳು ಮುಂದೆ ಒಣ ಗುಗ್ಗೆಯವನನ್ನೇ ಮದುವೆಯಾದರೆ ಮಕ್ಕಳೆಲ್ಲರದೂ ಒಣ ಆಗಬೇಕು. ಹಾಗಾಗದಂತೆ ಕಂಡರೆ, ಮೊದಲು ನೋಡಬೇಕಾದದ್ದು ಗುರುತಿಸುವಿಕೆಯಲ್ಲೇ ತಪ್ಪಾಗಿದೆಯೇ ಎಂಬುದನ್ನು, ಏಕೆಂದರೆ ಬಹುದಿನ ಕಿವಿಯಲ್ಲೇ ಉಳಿದ ಒದ್ದೆ ಗುಗ್ಗೆಯೂ ಗಟ್ಟಿಯಾಗಿ ಒಣಗಿದಂತೆ ಕಾಣುತ್ತದೆ.

ಬಗೆ ಹುಟ್ಟಿನಿಂದಲೇ ನಿಶ್ಚಿತವಾದ್ದರಿಂದ, ಗಮನಿಸಬೇಕಾದದ್ದು ನಮ್ಮ ಗುಗ್ಗೆ ಅಕ್ಕಪಕ್ಕದವರಂತೆ ಇದೆಯೇ ಎಂಬುದನ್ನಲ್ಲ, ತನ್ನದೇ ಹಿಂದಿನ ರೂಪದಿಂದ ಬದಲಾಗಿದೆಯೇ ಎಂಬುದನ್ನು. ತಿಳಿಹಳದಿಯಿಂದ ಕಡುಕಂದಿಗೆ ತಿರುಗುವುದು ಬಹುಪಾಲು ವಯಸ್ಸಿನ ಗುರುತಷ್ಟೇ: ಗಾಳಿ ಧೂಳು ತಾಗುತ್ತಾ ಹಳೆಯ ಗುಗ್ಗೆ ಕಪ್ಪಾಗುತ್ತದೆ. ಆದರೆ ಯಾವಾಗಲೂ ಒಣಗಿರುತ್ತಿದ್ದ ಕಿವಿ ಒಮ್ಮೆಲೇ ಒದ್ದೆಯಾದರೆ ಅದು ಗುಗ್ಗೆಯೇ ಅಲ್ಲದಿರಬಹುದು. ತೇವದ ಹವೆಯಲ್ಲಿ, ಅಂದರೆ ನಮ್ಮ ಕರಾವಳಿಯ ಮಳೆಗಾಲದಂಥ ದಿನಗಳಲ್ಲಿ, ಕಿವಿಯಲ್ಲಿ ಶಿಲೀಂಧ್ರ ಬೆಳೆಯುವುದು ಸುಲಭ. ತುರಿಕೆ ತೀವ್ರವಾಗಿ, ಬಿಳಿ ಅಥವಾ ಬೂದು ಪದರದ ಮೇಲೆ ಕಪ್ಪು ಚುಕ್ಕಿಗಳು ಕಂಡರೆ ಶಂಕೆ ಅತ್ತಲೇ. ಹಳದಿ-ಹಸಿರು ಕೀವು ಸೋಂಕನ್ನು ಸೂಚಿಸುತ್ತದೆ. ಕೊಂಚವೇ ಸೋರುತ್ತಿದ್ದರೂ ದುರ್ವಾಸನೆ ಬಿಡದೆ ಇದ್ದು, ಕೇಳುವಿಕೆ ಕುಗ್ಗುತ್ತಿದ್ದರೆ ಕಿವಿತಮಟೆಯ ಹಿಂದೆ ಚರ್ಮ ಬೆಳೆದು ಮೂಳೆಯನ್ನು ಸವೆಸುವ ಕೊಲೆಸ್ಟಿಯಟೋಮ ಇರಬಹುದು, ಅದನ್ನು ಮುಂದೂಡುವಂತಿಲ್ಲ. ಸಕ್ಕರೆ ಕಾಯಿಲೆಯಿರುವ ವೃದ್ಧರಿಗೆ ಕಿವಿ ಸೋರುವಿಕೆಯ ಜೊತೆ ರಾತ್ರಿಯೆಲ್ಲ ನಿದ್ರೆಗೆಡಿಸುವ ನೋವಿದ್ದರೂ ಹಾಗೆಯೇ. ತಲೆಗೆ ಪೆಟ್ಟಾದ ಮೇಲೆ ನೀರಿನಂತೆ ತಿಳಿಯಾದುದು ಹರಿದರೆ ಅದು ಮಿದುಳಿನ ಸುತ್ತಲಿನ ದ್ರವವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇವುಗಳಿಗಿಂತ ಬಹಳ ಸಾಮಾನ್ಯವಾದದ್ದು ಗುಗ್ಗೆ ಕಟ್ಟಿಕೊಳ್ಳುವುದು. ಸ್ನಾನದ ನೀರು ಹೀರಿ ಅದು ಉಬ್ಬಿದಾಗ ಕಿವಿ ಇದ್ದಕ್ಕಿದ್ದಂತೆ ಮುಚ್ಚಿದಂತಾಗುತ್ತದೆ. ಬೆಂಕಿಕಡ್ಡಿ, ಪಿನ್ನು, ಹತ್ತಿಕಡ್ಡಿಗಳು ಅದನ್ನು ಇನ್ನೂ ಒಳಕ್ಕೆ ತಳ್ಳುತ್ತವೆ. ಮೆದುಗೊಳಿಸುವ ಹನಿಗಳು ನೆರವಾಗುತ್ತವೆ, ಆದರೆ ತಮಟೆಯಲ್ಲಿ ತೂತಿರುವವರು, ಕಿವಿ ಸೋರುತ್ತಿರುವವರು, ಹಿಂದೆ ಕಿವಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರು ಒಳಗೆ ನೋಡುವ ಮೊದಲು ಎಣ್ಣೆಯನ್ನಾಗಲಿ ಹನಿಯನ್ನಾಗಲಿ ಬಿಡಬಾರದು.